ಬಿಎಂಆರ್ ಲೆಕ್ಕಕ್ಕೆ ಒಟ್ಟು ತೂಕವೋ, ಕೊಬ್ಬು ಕಳೆದ ತೂಕವೋ?

ಪ್ರಶ್ನೆ: ನಾನು ಗಂಡಸು, 32 ವರ್ಷ, 172 ಸೆಂ.ಮೀ., 84 ಕೆಜಿ. ಹುಬ್ಬಳ್ಳಿಯಲ್ಲಿ ಕೂತು ಮಾಡುವ ಕೆಲಸ. ಜಿಮ್‌ನಲ್ಲಿ ಒಬ್ಬರು "ಲೀನ್ ಮಾಸ್ ಇಟ್ಟು ಬಿಎಂಆರ್ ತೆಗಿ, ಅದೇ ಕರೆಕ್ಟ್" ಅಂದರು. ಮನೆಯ ಸ್ಮಾರ್ಟ್ ತೂಕದ ಮಷಿನ್ ಕೊಬ್ಬು 24% ತೋರಿಸುತ್ತೆ. ಅದನ್ನು ಹಾಕಿದರೆ 1,749 ಬಂತು. ಬರೀ ತೂಕದ ಮೇಲೆ ಮೊದಲೇ 1,760 ಇತ್ತು. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ಈ ಲೆಕ್ಕ ಯಾಕೆ ಬೇಕು? ಸೊಂಟ ಹೊಕ್ಕುಳ ಹತ್ತಿರ 106, ಕುತ್ತಿಗೆ 38 ಸೆಂ.ಮೀ.

ಉತ್ತರ: ಎರಡೂ ಒಂದೇ ಬಂದಿದ್ದೇ ಇಲ್ಲಿ ಅನುಮಾನ ಪಡಬೇಕಾದ ವಿಷಯ. ನಿಮ್ಮ ಮಷಿನ್ ಕೊಟ್ಟ 24% ಅಳತೆ ಅಲ್ಲ, ಬಹುಮಟ್ಟಿಗೆ ಊಹೆ. ನಿಮ್ಮ ಸೊಂಟದ ಅಳತೆ ಬೇರೆಯೇ ಹೇಳುತ್ತಿದೆ. ನಾನು ಹುಬ್ಬಳ್ಳಿಯಲ್ಲೇ ಡಯಟಿಷಿಯನ್. ಈ ಗೊಂದಲ ಇಟ್ಟುಕೊಂಡು ಬರುವವರು ಬಹಳ ಜನ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬಿಎಂಆರ್ ಅಂದರೆ ಸುಮ್ಮನೆ ಮಲಗಿದ್ದರೂ ಮೈ ದಿನಕ್ಕೆ ಸುಡುವ ಕ್ಯಾಲೊರಿ. ಅದಕ್ಕೆ ನೀವು ಹಾಕಿರುವ ಎರಡು ಸೂತ್ರಗಳು ಇವು. ಮೊದಲನೆಯದು ಮಿಫ್ಲಿನ್, ಗಂಡಸರಿಗೆ. ಎರಡನೆಯದು ಆ್ಯಪ್‌ಗಳಲ್ಲಿ ಕ್ಯಾಚ್-ಮ್ಯಾಕಾರ್ಡಲ್ ಅನ್ನುವ ಹೆಸರಿನಲ್ಲಿ ಇರುತ್ತದೆ.

```
BMR = 10 × kg + 6.25 × cm − 5 × age + 5
BMR = 370 + 21.6 × LBM
```

ಎರಡನೆಯದರಲ್ಲಿ ಎತ್ತರ ಇಲ್ಲ, ವಯಸ್ಸು ಇಲ್ಲ, ಗಂಡಸೋ ಹೆಂಗಸೋ ಅನ್ನುವುದೂ ಇಲ್ಲ. ಇರುವುದು ಒಂದೇ ಸಂಖ್ಯೆ LBM, ಅಂದರೆ ಲೀನ್ ಮಾಸ್, ಕೊಬ್ಬು ಕಳೆದು ಉಳಿಯುವ ತೂಕ. ಮಿಫ್ಲಿನ್ ಎತ್ತರ, ವಯಸ್ಸು ಎಲ್ಲ ಕೇಳುವುದಕ್ಕೆ ದೊಡ್ಡ ಕಾರಣವೇ ಆ ಉಳಿದ ತೂಕ ಎಷ್ಟಿರಬಹುದು ಅಂತ ಅಂದಾಜು ಮಾಡಲು. ಉದ್ದ ಇದ್ದವರಿಗೆ ಮಾಂಸ, ಮೂಳೆ ಜಾಸ್ತಿ. ವಯಸ್ಸಾದಂತೆ ಕಡಿಮೆ. ಅದೇ ಎತ್ತರ, ತೂಕದ ಹೆಂಗಸರಲ್ಲಿ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ.

ಅಂದರೆ ಮಿಫ್ಲಿನ್ ಕೂಡ ನಿಮ್ಮ ಕೊಬ್ಬು ಇಷ್ಟು ಅಂತ ಒಳಗೊಳಗೇ ಅಂದುಕೊಂಡಿರುತ್ತದೆ. ಅದನ್ನು ಹೊರಗೆ ತೆಗೆಯಬಹುದು. 1,760ರಿಂದ 370 ಕಳೆಯಿರಿ, 21.6ರಿಂದ ಭಾಗಿಸಿ. 64.4 ಕೆಜಿ ಬರುತ್ತದೆ. 84ರಲ್ಲಿ 64.4 ಹೋದರೆ 19.6 ಕೆಜಿ ಕೊಬ್ಬು, ಅಂದರೆ ಸುಮಾರು 23.4%. ನಿಮ್ಮ ಮಷಿನ್ ತೋರಿಸಿದ್ದು 24%! ಅದಕ್ಕೇ ಎರಡೂ ಉತ್ತರ ಒಂದೇ ಬಂದವು.

ಮಷಿನ್ ಯಾಕೆ ಹೀಗೆ ಮಾಡುತ್ತದೆ ಅಂದರೆ, ಅದು ಪಾದದಿಂದ ಪಾದಕ್ಕೆ ಸಣ್ಣ ಕರೆಂಟ್ ಹರಿಸಿ ತಡೆ ಎಷ್ಟಿದೆ ಅಂತ ನೋಡುತ್ತದೆ. ಆ ಕರೆಂಟ್ ಹೆಚ್ಚಾಗಿ ಕಾಲುಗಳ ಮೂಲಕ ಹೋಗಿ ಬರುತ್ತದೆ, ಹೊಟ್ಟೆಯ ಬಗ್ಗೆ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಉಳಿದದ್ದನ್ನು ನೀವು ಆ್ಯಪ್‌ನಲ್ಲಿ ಬರೆದ ಎತ್ತರ, ವಯಸ್ಸು, ಲಿಂಗದಿಂದ ತುಂಬಿಕೊಳ್ಳುತ್ತದೆ. ಪರೀಕ್ಷೆ ಮಾಡಿ ನೋಡಿ. ಆ್ಯಪ್‌ನಲ್ಲಿ ವಯಸ್ಸು 32 ಇರುವಲ್ಲಿ 60 ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ಹತ್ತಿ. ಮೈ ಅದೇ, ತೂಕ ಅದೇ. ಆದರೂ ಕೊಬ್ಬಿನ ಸಂಖ್ಯೆ ಎದ್ದು ಕಾಣುವಷ್ಟು ಬದಲಾದರೆ, ಅದು ನಿಮ್ಮ ಮೈಗಿಂತ ನೀವು ತುಂಬಿದ ಫಾರ್ಮ್ ನೋಡಿ ಹೇಳುತ್ತಿದೆ ಅಂತಲೇ ಅರ್ಥ. ಅಂಥ ಸಂಖ್ಯೆಯನ್ನು ಎರಡನೇ ಸೂತ್ರಕ್ಕೆ ಹಾಕಿದರೆ ಸುತ್ತಿ ಬಳಸಿ ಮೊದಲನೇ ಸೂತ್ರದ ಹತ್ತಿರವೇ ಬಂದು ನಿಲ್ಲುತ್ತೀರಿ.

ಈಗ ಟೇಪಿನ ಲೆಕ್ಕ. ಅಮೆರಿಕದ ನೌಕಾಪಡೆಯವರು ರೂಪಿಸಿದ ಸೂತ್ರ ಇದು, ಅಳತೆ ಎಲ್ಲ ಸೆಂಟಿಮೀಟರಿನಲ್ಲಿ:

```
fat% = 495 / (1.0324 − 0.19077 × log10(waist − neck)
       + 0.15456 × log10(height)) − 450
```

ನಿಮ್ಮ 106, 38, 172 ಹಾಕಿದರೆ 31.4% ಬರುತ್ತದೆ. ಹಾಗಾದರೆ ಕೊಬ್ಬು ಕಳೆದ ತೂಕ 57.6 ಕೆಜಿ, ಬಿಎಂಆರ್ 1,614. ಮಿಫ್ಲಿನ್‌ಗಿಂತ 146 ಕ್ಯಾಲೊರಿ ಕಡಿಮೆ. ಹತ್ತಿರ ಹತ್ತಿರ 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ. ದಿನಾ ಒಂದು ರೊಟ್ಟಿಯ ವ್ಯತ್ಯಾಸ ಸಣ್ಣದಲ್ಲ.

"ಟೇಪು ಮಾತ್ರ ತಪ್ಪು ಹೇಳಲ್ವಾ?" ಅಂತ ಕೇಳಬಹುದು. ಹೇಳುತ್ತದೆ. ಈ ವಿಧಾನದಲ್ಲಿ 3-4 ಶೇಕಡಾ ಅಂಶ ಆಚೀಚೆ ಆಗುವುದು ಮಾಮೂಲು. ಆದರೆ ತಪ್ಪಿನ ಬೆಲೆ ಎಷ್ಟು ಅಂತ ನೋಡಿ. ಟೇಪು ಬಿಗಿ ಹಿಡಿದು 106ರ ಬದಲು 104 ಬಂದರೆ ಕೊಬ್ಬು 30.2% ಆಗುತ್ತದೆ, ಬಿಎಂಆರ್ ಬದಲಾಗುವುದು 21 ಕ್ಯಾಲೊರಿ ಅಷ್ಟೇ. ನಿಮ್ಮ ತೂಕಕ್ಕೆ ಪೂರ್ತಿ 4 ಅಂಶ ತಪ್ಪಿದರೂ ಸುಮಾರು 73. ನಿಮ್ಮ ವಿಷಯದಲ್ಲಿ ಸೂತ್ರ ಅಂದುಕೊಂಡದ್ದಕ್ಕೂ ಟೇಪು ಹೇಳುತ್ತಿರುವುದಕ್ಕೂ 8 ಅಂಶ ದೂರ ಇದೆ. ಅಳತೆಯ ತಪ್ಪಿಗಿಂತ ಈ ದೂರ ದೊಡ್ಡದು. ಅದಕ್ಕೇ ನಿಮಗೆ ಲೀನ್ ಮಾಸ್ ಲೆಕ್ಕವೇ ಸರಿ ಅನ್ನುತ್ತಿದ್ದೇನೆ. ಟೇಪು 25% ಅಂದಿದ್ದರೆ ಈ ಕಷ್ಟವೇ ಬೇಡ, ಮಿಫ್ಲಿನ್ ಇಟ್ಟುಕೊಳ್ಳಿ ಅನ್ನುತ್ತಿದ್ದೆ.

ಧಾರವಾಡದ ಕಡೆಯ ಒಂದು ಗರಡಿಯಿಂದ ಒಬ್ಬ ಪೈಲ್ವಾನ್ ಹುಡುಗ ನನ್ನ ಹತ್ತಿರ ಬರುತ್ತಾನೆ. ಎತ್ತರ, ತೂಕ ನಿಮ್ಮಷ್ಟೇ ಅಂದುಕೊಳ್ಳಿ, ವಯಸ್ಸೂ ಅಷ್ಟೇ ಇಡೋಣ. ಮಿಫ್ಲಿನ್ ಅವನಿಗೂ 1,760 ಅನ್ನುತ್ತದೆ. ಆದರೆ ಅವನ ಕೊಬ್ಬು 15%ರ ಸುತ್ತಮುತ್ತ. ಲೀನ್ ಮಾಸ್ 71.4 ಕೆಜಿ, ಬಿಎಂಆರ್ 1,912. ನಿಮಗೂ ಅವನಿಗೂ 298 ಕ್ಯಾಲೊರಿ ಅಂತರ, ಅದೂ ಹಾಸಿಗೆಯಲ್ಲಿ ಸುಮ್ನೆ ಮಲಗಿದ್ದಾಗ. ಅವನು ಮೊದಲ ಸಲ ಬಂದಾಗ ಹೇಳಿದ್ದು ಹೀಗೆ: "ಸರ, ಆ್ಯಪ್ ಹೇಳಿದಷ್ಟ ತಿಂದ್ರ ಸಂಜಿಕ ಗರಡ್ಯಾಗ ಕೈಕಾಲ ಆಡಂಗಿಲ್ಲ." ತೂಕದ ಸೂತ್ರ ಅವನ ಮೈಯನ್ನು ಸರಾಸರಿ ಮೈ ಅಂತ ಲೆಕ್ಕ ಹಾಕಿತ್ತು.

ಸರಾಸರಿ ಅಂದರೆ ಯಾರ ಸರಾಸರಿ? ಮಿಫ್ಲಿನ್ ಸೂತ್ರವನ್ನು 1990ರಲ್ಲಿ ಅಮೆರಿಕದ 498 ಆರೋಗ್ಯವಂತರನ್ನು ಅಳೆದು ಮಾಡಿದ್ದು. ನಮ್ಮ ಮೈಕಟ್ಟು ಅವರಂತಿಲ್ಲ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸ್ನೇಹಿತರೊಬ್ಬರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಅಳತೆ ಕೊಟ್ಟರು. ಇಬ್ಬರ ಬಿಎಂಐ 22.3. ಬ್ರಿಟಿಷರ ಕೊಬ್ಬು 9.1%, ಯಾಜ್ಞಿಕ್ ಅವರದು 21.2%. ಭಾರತೀಯರ ಬಿಎಂಆರ್ ಪಾಶ್ಚಾತ್ಯ ಸೂತ್ರಗಳಿಗಿಂತ ಕಡಿಮೆ ಬರುತ್ತದೆ ಅನ್ನುವ ಮಾತು ಬಹಳ ಕಾಲ ಇತ್ತು. 1998ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಹೋಲಿಸಿ ನೋಡಿದಾಗ, ಕೊಬ್ಬು ಕಳೆದ ತೂಕವನ್ನು ಲೆಕ್ಕಕ್ಕೆ ತಂದರೆ ಜನಾಂಗದ ವ್ಯತ್ಯಾಸ ಅಂತ ಏನೂ ಉಳಿಯಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಇರುವ ನಮ್ಮಂಥವರಿಗೆ ಈ ಲೆಕ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನಾನು ಗಟ್ಟಿಯಾಗಿ ನಂಬಲು ಇದೇ ಕಾರಣ.

ಜಿಮ್‌ನಲ್ಲಿ ಇನ್ನೊಂದು ಮಾತು ಕೇಳಿರುತ್ತೀರಿ, ಒಂದು ಕೆಜಿ ಮಸಲ್ ಬೆಳೆಸಿದರೆ ಬಿಎಂಆರ್ 21.6 ಏರುತ್ತದೆ ಅಂತ. ಅದು ಹಾಗಲ್ಲ. ವಿಶ್ರಾಂತಿಯಲ್ಲಿ ಒಂದು ಕೆಜಿ ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲೊರಿ ಸುಡುತ್ತದೆ, ಕೊಬ್ಬು 4.5. ಅದೇ ಒಂದು ಕೆಜಿ ಲೆಕ್ಕದಲ್ಲಿ ಲಿವರ್ 200, ಮೆದುಳು 240, ಹೃದಯ ಮತ್ತು ಕಿಡ್ನಿ 440. ಲೀನ್ ಮಾಸ್ ಜಾಸ್ತಿ ಇರುವ ಮನುಷ್ಯನಿಗೆ ಅಂಗಾಂಗಗಳೂ ಸಾಮಾನ್ಯವಾಗಿ ದೊಡ್ಡವು, ಎಲ್ಲ ಸೇರಿ 21.6 ಬರುತ್ತದೆ. ಡಂಬೆಲ್ಸ್ ಎತ್ತಿದರೆ ಮೆದುಳು ಬೆಳೆಯುವುದಿಲ್ಲ ಅಲ್ವಾ? ಸೂತ್ರ ಇಬ್ಬರ ನಡುವಿನ ವ್ಯತ್ಯಾಸ ಹೇಳಲು ಚೆನ್ನಾಗಿದೆ. ಒಬ್ಬನೇ ಆರು ತಿಂಗಳಲ್ಲಿ ಎಷ್ಟು ಬದಲಾದ ಅನ್ನುವುದಕ್ಕೆ ಅಷ್ಟು ಒಳ್ಳೆಯದಲ್ಲ.

ನಿಮ್ಮ ತಂದೆ ತಾಯಿಗೂ ಇದೇ ಹಾಕಲು ಹೋಗಬೇಡಿ. 70 ವರ್ಷದ, 152 ಸೆಂ.ಮೀ., 60 ಕೆಜಿಯ ಅಮ್ಮನಿಗೆ ಹೆಂಗಸರ ಮಿಫ್ಲಿನ್ ಪ್ರಕಾರ 1,039 ಬರುತ್ತದೆ. ಕೊಬ್ಬು 38% ಅಂತ ಹಿಡಿದು ಎರಡನೇ ಸೂತ್ರ ಹಾಕಿದರೆ 1,174. ವಯಸ್ಸಾದಾಗ ಉಳಿದ ಸ್ನಾಯು, ಅಂಗಾಂಗಗಳ ಕೆಲಸವೂ ನಿಧಾನ ಆಗುತ್ತದೆ, ಆದರೆ ಎರಡನೇ ಸೂತ್ರಕ್ಕೆ ವಯಸ್ಸೇ ಗೊತ್ತಿಲ್ಲ. ಅಲ್ಲಿ ಮಿಫ್ಲಿನ್ ಮೇಲೇ ನನಗೆ ಹೆಚ್ಚು ನಂಬಿಕೆ. ಕಾಲು ಬಾವು ಇರುವ ಕಿಡ್ನಿ, ಹೃದಯದ ರೋಗಿಗಳಿಗೂ ಲೀನ್ ಮಾಸ್ ಲೆಕ್ಕ ಬೇಡ. ಮೈಯಲ್ಲಿ ನಿಂತ ನೀರು ಕೂಡ "ಕೊಬ್ಬಲ್ಲದ ತೂಕ" ಅಂತ ಸೇರಿಬಿಡುತ್ತದೆ, ನೀರು ಏನೂ ಸುಡುವುದಿಲ್ಲ. ತುಂಬಾ ದಪ್ಪ ಇರುವವರಲ್ಲಿ ತೊಂದರೆ ಉಲ್ಟಾ. 60 ಕೆಜಿ ಕೊಬ್ಬಿದ್ದರೆ ಅದೇ ದಿನಕ್ಕೆ 270 ಕ್ಯಾಲೊರಿ ಸುಡುತ್ತದೆ. ಸೂತ್ರದಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಇಲ್ಲ, ಹಾಗಾಗಿ ಉತ್ತರ ಕಡಿಮೆ ಬರಬಹುದು.

ನೀವು ಇದ್ಯಾವುದಕ್ಕೂ ಸೇರುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಮಾಮೂಲಾಗಿ ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ ಟೇಪನ್ನು ಮೂರು ಸಲ ಹಿಡಿಯಿರಿ, ಸರಾಸರಿ ತೆಗೆದುಕೊಳ್ಳಿ. ಕುತ್ತಿಗೆಯನ್ನು ಗಂಟಲ ಗಂಟಿನ ಕೆಳಗೆ ಅಳೆಯಿರಿ. ಆ ಸಂಖ್ಯೆಯಿಂದ ಬಂದ ಬಿಎಂಆರ್ ಅನ್ನು ಕೂತು ಮಾಡುವ ಕೆಲಸಕ್ಕೆ 1.4ರಿಂದ ಗುಣಿಸಿ. 1,614ಕ್ಕೆ ಸುಮಾರು 2,260 ಆಗುತ್ತದೆ. ಮಿಫ್ಲಿನ್ ನಂಬಿದ್ದರೆ 2,464 ಆಗುತ್ತಿತ್ತು. ನಾಲ್ಕು ವಾರ 2,260ರ ಹತ್ತಿರ ತಿಂದು ವಾರದ ಸರಾಸರಿ ತೂಕ ನೋಡಿ. ಹಾಗೇ ನಿಂತರೆ ಈ ಲೆಕ್ಕ ನಿಮಗೆ ಕೂತಿತು. ಮುಕ್ಕಾಲು ಕೆಜಿಯಷ್ಟು ಇಳಿದರೆ ನಿಮ್ಮ ನಿಜವಾದ ಖರ್ಚು 2,464ರ ಹತ್ತಿರ ಇದೆ. ಆಗ ಬಿಎಂಆರ್ ತಪ್ಪಿತೋ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಓಡಾಡುತ್ತೀರೋ ಅಂತ ತೂಕ ಒಂದರಿಂದಲೇ ಹೇಳಲು ಬರುವುದಿಲ್ಲ. ಊಟದ ಲೆಕ್ಕಕ್ಕೆ ಮಾತ್ರ ಅಷ್ಟು ಸಾಕು. ಮದುವೆ, ಹಬ್ಬ ಇರುವ ವಾರ ಬಿಟ್ಟು ಶುರು ಮಾಡಿ.