ರಾತ್ರಿ ‘ಚಿನ್ನ’, ಮಧ್ಯಾಹ್ನ ‘ಮಗಾ’

ಪ್ರಶ್ನೆ: ನನಗೆ 27. ಬೆಂಗಳೂರಲ್ಲಿ ಕೆಲಸ. ಏಳು ತಿಂಗಳಿಂದ ಒಬ್ಬನನ್ನು ಪ್ರೀತಿಸುತ್ತಿದ್ದೇನೆ. ಶನಿವಾರ ರಾತ್ರಿ ಫ್ರೆಂಡ್ಸ್ ಮನೇಲಿ ಪಾರ್ಟಿ ಇದ್ದರೆ ಅವನು ಬೇರೆಯೇ ಮನುಷ್ಯ. ಹಿಡಿದ ಕೈ ಬಿಡಲ್ಲ, ‘ಚಿನ್ನ’ ಅಂತಾನೆ, ಹನ್ನೊಂದು ದಾಟಿದ ಮೇಲೆ ‘ನೀನಿಲ್ದೆ ನಂಗಾಗಲ್ಲ’ ಅಂತಾನೆ. ಅದೇ ಬುಧವಾರ ಮಧ್ಯಾಹ್ನ ಊಟಕ್ಕೆ ಸಿಕ್ಕರೆ ‘ಏನ್ ಮಗಾ, ಏನ್ ತಿಂತೀಯ?’ ಅಷ್ಟೇ. ಕೇಳಿದರೆ ‘ನಾನಿರೋದೇ ಹೀಗೆ’ ಅಂತಾನೆ. ಇದರಲ್ಲಿ ಯಾವುದು ನಿಜ?
— ಹೆಸರು ಬೇಡ, ಬೆಂಗಳೂರು

ಉತ್ತರ: ಪಾರ್ಟಿ ಅಂತ ಬರೆದಿದ್ದೀರಿ, ಕುಡಿತದ ಬಗ್ಗೆ ಒಂದು ಮಾತೂ ಬರೆದಿಲ್ಲ. ಹನ್ನೊಂದು ಗಂಟೆಯ ಲೆಕ್ಕ ನೋಡಿದರೆ ಅದೂ ಇದೆ ಅಂತಲೇ ಅಂದುಕೊಳ್ಳುತ್ತೇನೆ. ಅಲ್ಲಿಂದಲೇ ಶುರು ಮಾಡೋಣ.

‘ಕುಡಿದಾಗ ಒಳಗಿನ ನಿಜ ಹೊರಗೆ ಬರುತ್ತೆ’ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ಇದನ್ನು ‘ಆಲ್ಕೋಹಾಲ್ ಮಯೋಪಿಯಾ’ ಎಂದು ವಿವರಿಸಿದರು. ಸರಳವಾಗಿ ಹೇಳಿದರೆ, ಕುಡಿದವರಿಗೆ ಹತ್ತಿರದ್ದು ಮಾತ್ರ ಕಾಣುತ್ತೆ. ಕಣ್ಣೆದುರು ನೀವಿದ್ದೀರಿ, ಹಾಡು ಇದೆ, ನಗು ಇದೆ. ನಾಳೆ, ಆಫೀಸು, ಅಪ್ಪ ಅಮ್ಮ, ‘ಇದು ಮುಂದೆ ಎಲ್ಲಿಗೆ ಹೋಗುತ್ತೆ’ ಅನ್ನುವ ಅಳುಕು, ಎಲ್ಲವೂ ಮಸುಕಾಗುತ್ತದೆ. ಹಾಗಾಗಿ ಆಗ ಹೊರಬರುವ ಪ್ರೀತಿ ಸುಳ್ಳೇ ಆಗಬೇಕಿಲ್ಲ. ಆದರೆ ಮಸುಕಾದ ಅಳುಕೂ ಅವನದೇ. ಬುಧವಾರ ಊಟದ ಟೇಬಲ್ಲಿಗೆ ಅದು ವಾಪಸ್ ಬಂದು ಕೂತಿರುತ್ತದೆ. ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ ಇರಬಹುದು. ಆ ಅಳುಕು ಏನು ಅನ್ನೋದು ಮಾತ್ರ ನಿಮಗೆ ಗೊತ್ತಿಲ್ಲ.

ತೊಂದರೆ ಏನೆಂದರೆ, ಶನಿವಾರಕ್ಕೂ ಬುಧವಾರಕ್ಕೂ ಮೂರು ವಿಷಯ ಒಟ್ಟಿಗೇ ಬದಲಾಗುತ್ತವೆ: ಕುಡಿತ, ಸುತ್ತ ಇರುವ ಜನ, ಹೊತ್ತು. ಯಾವುದರಿಂದ ಅವನು ಬದಲಾಗುತ್ತಾನೆ ಅಂತ ಸುಮ್ನೆ ಕೂತು ಯೋಚಿಸಿದರೆ ತಿಳಿಯೋದಿಲ್ಲ. ಒಂದೊಂದನ್ನೇ ಬೇರೆ ಮಾಡಿ ನೋಡಬೇಕು.

ನನ್ನ ಬಳಿ ಬಂದಿದ್ದ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿ. ಅವರದೂ ಹೆಚ್ಚುಕಡಿಮೆ ನಿಮ್ಮದೇ ಕಥೆ. ‘ಅವನು ಕುಡಿದಾಗ ಮಾತ್ರ ಪ್ರೀತಿ’ ಅಂತ ಅಳುತ್ತಾ ಬಂದಿದ್ದರು. ಒಂದು ತಿಂಗಳು ಭೇಟಿಯಾದಾಗಲೆಲ್ಲ ಫೋನಿನಲ್ಲಿ ಒಂದು ಸಾಲು ಬರೆದಿಡಿ ಅಂದೆ. ಯಾವ ಹೊತ್ತು, ಯಾರಿದ್ದರು, ಕುಡಿದಿದ್ದನಾ, ಏನು ಮಾಡಿದ. ‘ಚೆನ್ನಾಗಿದ್ದ’, ‘ಬೇಜಾರು ಮಾಡಿದ’ ಅಂತ ಬರೆಯಬೇಡಿ, ಮಾಡಿದ್ದನ್ನು ಮಾತ್ರ ಬರೆಯಿರಿ ಅಂದೆ. ಎರಡನೇ ವಾರದ ಪಾರ್ಟಿಗೆ ಅವನೇ ಕಾರು ಓಡಿಸಬೇಕಿತ್ತು. ರಾತ್ರಿಯಿಡೀ ಬರೀ ಲೈಮ್ ಸೋಡಾ ಕುಡಿದ. ಆದರೂ ಹೆಗಲ ಮೇಲಿನ ಕೈ ತೆಗೆಯಲಿಲ್ಲ! ಮೂರನೇ ವಾರ ಇಬ್ಬರೇ ಅವನ ರೂಮಿನಲ್ಲಿದ್ದರು. ಎರಡು ಬಿಯರ್ ಆದಮೇಲೂ ಅವನು ಮ್ಯಾಚ್ ನೋಡುತ್ತಾ ಕೂತ. ಕುಡಿತಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದ್ದದ್ದು ನೋಡುವ ಜನ ಅಂತ ಅವರಿಗೇ ಹೊಳೆಯಿತು. ಗೆಳೆಯರ ಮುಂದೆ ‘ನನಗೊಬ್ಬಳಿದ್ದಾಳೆ’ ಅಂತ ತೋರಿಸೋದು ಅವನಿಗೆ ಸುಲಭ. ಇಬ್ಬರೇ ಎದುರುಬದುರು ಕೂತರೆ ಮಾತಾಡಬೇಕಾಗುತ್ತದಲ್ಲ, ಅದು ಕಷ್ಟ.

ನಿಮ್ಮ ಪಟ್ಟಿಯಲ್ಲಿ ಬೇರೆಯೇ ಕಾಣಬಹುದು. ಮಧ್ಯಾಹ್ನ ಸಿಗುವುದು ಆಫೀಸಿನ ಹತ್ತಿರವೇ? ಸಹೋದ್ಯೋಗಿಗಳು, ಊರಿನವರು, ಅಣ್ಣನ ಫ್ರೆಂಡ್ ಕಣ್ಣಿಗೆ ಬೀಳಬಹುದು ಅನ್ನುವ ಹೆದರಿಕೆ ನಮ್ಮ ಹುಡುಗರಿಗೂ ಇರುತ್ತದೆ. ಜಾತಿ ಬೇರೆಯಾದರೆ, ಮನೆಯಲ್ಲಿ ಹೇಳಿಲ್ಲದಿದ್ದರೆ ಇನ್ನೂ ಜಾಸ್ತಿ. ಹಾಗಿದ್ದರೆ ಪರಿಚಯದವರಿಲ್ಲದ ಜಾಗದಲ್ಲಿ ಹಗಲಲ್ಲೇ ಅವನು ಸಡಿಲಾಗುತ್ತಾನೆ. ಒಂದು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೋ ಎಲ್ಲಾದರೂ ದೂರಕ್ಕೋ ಹೋಗಿ ಬನ್ನಿ, ಗೊತ್ತಾಗುತ್ತದೆ.

ಒಂದು ಎಚ್ಚರ. ಬರೆಯುವಾಗ ಕೈ ಹಿಡಿದನಾ, ‘ಚಿನ್ನ’ ಅಂದನಾ ಅನ್ನೋದನ್ನೇ ಎಣಿಸಬೇಡಿ. ಹಗಲಿನ ಪ್ರೀತಿಗೆ ಬೇರೆ ವೇಷವಿರುತ್ತದೆ. ‘ಮಗಾ’ ಅನ್ನುತ್ತಲೇ ನಿಮ್ಮ ತಟ್ಟೆಯ ಬದನೆಕಾಯಿ ನಿಮಗಾಗಲ್ಲ ಅಂತ ತನ್ನ ತಟ್ಟೆಗೆ ಹಾಕಿಕೊಂಡನಾ? ಸೋಮವಾರದ ನಿಮ್ಮ ಇಂಟರ್‌ವ್ಯೂ ಏನಾಯ್ತು ಅಂತ ಕೇಳಿದನಾ? ಬೇರೆ ಹುಡುಗಿಯರ ಎದುರು ಎಂತೆಂಥ ಚೆಂದದ ಮಾತಾಡುವವರನ್ನೂ ನೋಡಿದ್ದೇನೆ, ಹೆಂಡತಿಗೆ ಜ್ವರ ಬಂದರೆ ಮಾತ್ರೆ ತಂದುಕೊಡದವರು.

ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸೋದು ಇನ್ನೊಂದನ್ನು. ರಾತ್ರಿ ಆಡಿದ ಮಾತು ಬೆಳಗಿನವರೆಗೆ ದಾಟಿ ಬರುತ್ತದಾ? ಶನಿವಾರ ‘ಮುಂದಿನ ತಿಂಗಳು ಅಕ್ಕನಿಗೆ ನಿನ್ನ ಪರಿಚಯ ಮಾಡಿಸ್ತೀನಿ’ ಅಂದಿದ್ದರೆ, ಸೋಮವಾರ ಮಧ್ಯಾಹ್ನ ನೀವೇ ಎತ್ತಿ: ‘ಅಕ್ಕನ ವಿಷಯ ಹೇಳಿದ್ಯಲ್ಲ, ಯಾವಾಗ?’ ಅವನು ಸ್ವಲ್ಪ ನಾಚಿ, ‘ಹದಿನೈದಕ್ಕೆ ಬರ್ತಾಳೆ’ ಅಂದರೆ ಒಂದು ಅರ್ಥ. ‘ಅಯ್ಯೋ, ಅದೆಲ್ಲ ಅಲ್ಲಿ ಅಂದದ್ದು’ ಅಂದರೆ ಇನ್ನೊಂದು. ‘ಹಾಗಂದ್ನಾ?’ ಅಂತ ನಿಜಕ್ಕೂ ಕಣ್ಣು ಬಿಟ್ಟರೆ ಮೂರನೆಯದು. ತೀರಾ ಜಾಸ್ತಿ, ಬೇಗ ಬೇಗ ಕುಡಿದಾಗ ಮಿದುಳು ಹೊಸ ನೆನಪನ್ನು ಉಳಿಸಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಆಗಲೂ ಮನುಷ್ಯ ಮಾತಾಡುತ್ತಾನೆ, ನಡೆದಾಡುತ್ತಾನೆ, ಮಾತು ಕೊಡುತ್ತಾನೆ. ಬೆಳಿಗ್ಗೆ ಏನೂ ಇರುವುದಿಲ್ಲ. ಇದು ಪದೇ ಪದೇ ಆಗುತ್ತಿದ್ದರೆ ಮೊದಲು ಮಾತಾಡಬೇಕಾದದ್ದು ಅವನ ಕುಡಿತದ ಬಗ್ಗೆ. ಪ್ರೀತಿಯ ವಿಷಯ ಆಮೇಲೆ.

ಮಾತಾಡುವ ಹೊತ್ತನ್ನೂ ನೋಡಿಕೊಳ್ಳಿ. ಪಾರ್ಟಿಯಲ್ಲಿ ಬೇಡ, ಮರುದಿನ ಅವನು ತಲೆ ಹಿಡಿದುಕೊಂಡಿರುವಾಗಲೂ ಬೇಡ. ನಡೆಯುತ್ತಾ ಮಾತಾಡುವುದು ಒಳ್ಳೆಯದು. ಎದುರಿಗೆ ಕೂತು ಕಣ್ಣಿಗೆ ಕಣ್ಣಿಟ್ಟು ಮಾತಾಡುವ ಹಿಂಸೆ ಇರೋದಿಲ್ಲ. ‘ನೀನು ಹಗಲು ಯಾಕೆ ಹೀಗಿರ್ತೀಯ’ ಅಂತ ಶುರು ಮಾಡಿದರೆ ಮತ್ತೆ ‘ನಾನಿರೋದೇ ಹೀಗೆ’ ಅಂತಲೇ ಬರುತ್ತೆ. ಬದಲಿಗೆ ಒಂದು ಸಣ್ಣ ವಿಷಯ ಕೇಳಿ: ‘ಬುಧವಾರ ಊಟಕ್ಕೆ ಸಿಕ್ಕಾಗ ಇಪ್ಪತ್ತು ನಿಮಿಷ ಫೋನ್ ಒಳಗಿಡ್ತೀಯಾ? ನಂಗೆ ಶನಿವಾರದವನ ಜೊತೆ ಹಗಲಲ್ಲೂ ಮಾತಾಡ್ಬೇಕು.’ ಮೂರ್ನಾಲ್ಕು ಬುಧವಾರ ನೋಡಿ. ಮುದ್ದು ಬಾರದವನೂ ಇಷ್ಟು ಮಾಡಬಲ್ಲ.

ಅಲ್ಲಿಯವರೆಗೆ ಮೈಯ ವಿಷಯವಾಗಲಿ, ಒಟ್ಟಿಗೆ ಮನೆ ಮಾಡುವ ವಿಷಯವಾಗಲಿ, ಹನ್ನೊಂದರ ನಂತರ ತೀರ್ಮಾನಿಸಬೇಡಿ. ನೀವೂ ಕುಡಿದಿದ್ದರೆ ನಿಮಗೂ ಹತ್ತಿರದ್ದೇ ಕಾಣುತ್ತಿರುತ್ತದೆ.

ಆ ಇನ್ನೊಬ್ಬರ ಕಥೆ ಪೂರ್ತಿ ಹೇಳಲಿಲ್ಲ, ಅಲ್ವಾ? ನಾಲ್ಕನೇ ವಾರದ ನಂತರ ಅವರು ಒಂದು ತಿಂಗಳು ಪಾರ್ಟಿಗೆ ಹೋಗಲಿಲ್ಲ. ‘ಸುಸ್ತು, ಹಗಲು ಸಿಗೋಣ’ ಅಂತಷ್ಟೇ ಹೇಳಿದ್ದರು. ಆ ತಿಂಗಳಲ್ಲಿ ಅವನಿಂದ ಮೂರು ಕರೆ ಬಂದವು. ಮೂರೂ ರಾತ್ರಿ ಹನ್ನೊಂದೂವರೆ ಮೇಲೆ. ಮೊದಲೆರಡರಲ್ಲಿ ಹಿಂದೆ ಹಾಡು ಕೇಳಿಸುತ್ತಿತ್ತಂತೆ. ಮೂರನೆಯದನ್ನು ಅವರು ಎತ್ತಲಿಲ್ಲ.