ಡೆಲಿವರಿಗೆ ಗಾಡಿ: ಸ್ಕೂಟರಾ, ಬೈಕಾ, ಸಾಲ ಎಷ್ಟು ತಿಂಗಳು?

ಮಂಜು, ದಾಸರಹಳ್ಳಿ: ಬೆಳಗ್ಗೆ ದಿನಸಿ, ಸಂಜೆ ಊಟದ ಡೆಲಿವರಿ ಮಾಡ್ತೀನಿ. ದಿನಕ್ಕೆ 110 ಕಿ.ಮೀ. ಆಗುತ್ತೆ. ಈಗಿರೋದು ಭಾವನ ಗಾಡಿ, ವಾಪಸ್ ಕೊಡಬೇಕು. ಕೈಯಲ್ಲಿ 25 ಸಾವಿರ ಇದೆ. 100 ಸಿಸಿ ಬೈಕಿಗೆ ಆನ್‌ರೋಡ್ 95 ಸಾವಿರ, 110 ಸಿಸಿ ಸ್ಕೂಟರಿಗೆ 1 ಲಕ್ಷದ 3 ಸಾವಿರ ಅಂದ್ರು. ಸಾಲ 36 ತಿಂಗಳು, ಬಡ್ಡಿ 11 ಪರ್ಸೆಂಟ್. ಯಾವುದು ತಗೊಳ್ಳಲಿ?

ಶ್ರೀನಿವಾಸ: ಮಂಜು, 110 ಕಿ.ಮೀ. ಅಂತ ನೀವೇ ಹೇಳಿದ್ದು ಒಳ್ಳೆಯದಾಯ್ತು, ಉತ್ತರ ಅದರಲ್ಲೇ ಇದೆ. ತಿಂಗಳಿಗೆ 27 ದಿನ ಓಡಿಸಿದರೆ ಹತ್ತಿರ ಹತ್ತಿರ 3,000 ಕಿ.ಮೀ., ವರ್ಷಕ್ಕೆ 36,000. ಆಫೀಸಿಗೆ ಹೋಗಿಬರುವವರ ಗಾಡಿ ಅಷ್ಟು ಓಡೋಕೆ ಮೂರು ನಾಲ್ಕು ವರ್ಷ ಬೇಕು. ಹಾಗಾಗಿ ಅವರ ಲೆಕ್ಕ ನಿಮಗೆ ಹೊಂದಲ್ಲ.

ಪೆಟ್ರೋಲ್ ಲೀಟರಿಗೆ 103 ರೂಪಾಯಿ ಇಟ್ಕೊಳ್ಳಿ. ಗೊರಗುಂಟೆಪಾಳ್ಯದ ಜಾಮಿನಲ್ಲಿ ನಿಂತು, ಬೆನ್ನ ಹಿಂದೆ ಬ್ಯಾಗ್ ಹೊತ್ತು ಓಡುವ 100 ಸಿಸಿ ಬೈಕಿಗೆ ಲೀಟರಿಗೆ 55 ಕಿ.ಮೀ. ಅಂತ ಹಿಡಿಯಿರಿ. ಜಾಹೀರಾತಿನ ನಂಬರ್ ಮರೆತುಬಿಡಿ. ಅದೇ ಕೆಲಸಕ್ಕೆ 110 ಸಿಸಿ ಸ್ಕೂಟರ್ 42 ಕೊಟ್ಟರೆ ಪುಣ್ಯ. ಬೈಕಿಗೆ ತಿಂಗಳಿಗೆ 5,600 ರೂಪಾಯಿಯ ಪೆಟ್ರೋಲ್, ಸ್ಕೂಟರಿಗೆ 7,350. ವ್ಯತ್ಯಾಸ 1,750. ಶೋರೂಮಿನಲ್ಲಿ ಕಾಣೋದು ಬೆಲೆಯ 8 ಸಾವಿರದ ವ್ಯತ್ಯಾಸ ಮಾತ್ರ. ಬಂಕಿನಲ್ಲಿ ವರ್ಷಕ್ಕೆ 21 ಸಾವಿರ ಹೋಗೋದನ್ನು ಅಲ್ಲಿ ಯಾರೂ ಹೇಳಲ್ಲ.

ಭಾವನ ಗಾಡಿಯದ್ದು ನಿಜವಾಗಿ ಎಷ್ಟು ಬರುತ್ತೆ ಅಂತ ಈಗಲೇ ಅಳೆಯಿರಿ. ಒಂದೇ ಬಂಕಿನಲ್ಲಿ, ಗನ್ ತಾನಾಗಿ ಕಟ್ ಆಗುವವರೆಗೆ ಫುಲ್ ಮಾಡಿಸಿ, ಓಡಿಸಿ, ಮತ್ತೆ ಅಲ್ಲೇ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿದರೆ ನಿಮ್ಮ ಏರಿಯಾದ ಲೆಕ್ಕ ಸಿಗುತ್ತೆ. ಮುಳ್ಳು ನೋಡಿ ಅಂದಾಜು ಹಾಕಬೇಡಿ.

ಈಗ ಸಾಲ. ಅವರು ಹೇಳಿದ 11 ಪರ್ಸೆಂಟ್ ಬಹುತೇಕ ಫ್ಲ್ಯಾಟ್ ಬಡ್ಡಿ ಇರಬೇಕು, ಕೇಳಿ ನೋಡಿ. ಅಂದ್ರೆ ನೀವು ಅರ್ಧ ಅಸಲು ತೀರಿಸಿದ ಮೇಲೂ ಪೂರ್ತಿ ಅಸಲಿನ ಮೇಲೇ ಬಡ್ಡಿ ಕಟ್ತಿರ್ತೀರಿ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು 20 ಪರ್ಸೆಂಟಿನ ಹತ್ತಿರ ಬರುತ್ತೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನೋ ಹಾಳೆ ಕೊಡಲೇಬೇಕು. ಸಹಿ ಹಾಕುವ ಮುಂಚೆ ಅದನ್ನು ಕೇಳಿ, ಎಪಿಆರ್ ಅಂತ ಬರೆದಿರುವ ನಂಬರ್ ಓದಿ, ವರ್ಷಕ್ಕೆ ನಿಜವಾಗಿ ಬೀಳುವ ಬಡ್ಡಿ ದರ ಅದೇ. ಪ್ರೊಸೆಸಿಂಗ್ ಫೀಸೂ ಅದರೊಳಗೆ ಸೇರಿರುತ್ತೆ. ಎರಡು ಕಡೆಯ ಸಾಲ ಹೋಲಿಸೋಕೆ ಆ ಒಂದು ನಂಬರ್ ಸಾಕು.

ಕೈಯಲ್ಲಿರುವ 25ರಲ್ಲಿ 20 ಸಾವಿರ ಡೌನ್ ಕಟ್ಟಿ, 5 ಸಾವಿರ ಕ್ಯಾರಿಯರ್, ಫೋನ್ ಹೋಲ್ಡರ್, ಮೊದಲ ಸರ್ವಿಸಿಗೆ ಇಟ್ಕೊಳ್ಳಿ. ಬೈಕಿಗೆ 75 ಸಾವಿರ ಸಾಲ ಉಳಿಯುತ್ತೆ. ಅದೇ 11 ಫ್ಲ್ಯಾಟ್‌ನಲ್ಲಿ 36 ತಿಂಗಳಿಗೆ ಕಂತು 2,771, ಒಟ್ಟು ಕಟ್ಟೋದು 99,750. ಅದನ್ನೇ 24 ತಿಂಗಳಿಗೆ ಮಾಡಿದರೆ ಕಂತು 3,813, ಒಟ್ಟು 91,500. ಕಂತು ಸಾವಿರ ಜಾಸ್ತಿ, ಆದರೆ 8,250 ಉಳಿತಾಯ.

ನಾನು 24 ತಿಂಗಳೇ ಅಂತ ಹಟ ಹಿಡಿಯೋದು ಆ 8 ಸಾವಿರಕ್ಕಲ್ಲ. ಸ್ಪ್ಲೆಂಡರ್ ಪ್ಲಸ್ ತರಹದ ಗಾಡಿಗೆ ವಾರಂಟಿ 5 ವರ್ಷ ಅಥವಾ 70,000 ಕಿ.ಮೀ., ಯಾವುದು ಮೊದಲೋ ಅದು. ನೀವು 70 ಸಾವಿರವನ್ನು 24ನೇ ತಿಂಗಳಿಗೇ ದಾಟ್ತೀರಿ. 36 ತಿಂಗಳ ಸಾಲ ಮಾಡಿದರೆ ಆ ಹೊತ್ತಿಗೆ ಇನ್ನೂ 30 ಸಾವಿರದಷ್ಟು ಬಾಕಿ ಇರುತ್ತೆ. ವಾರಂಟಿ ಮುಗಿದ ಗಾಡಿಗೆ ಕಂತು ಒಂದು ಕಡೆ, ರಿಪೇರಿ ಇನ್ನೊಂದು ಕಡೆ. ಕಂತು ತಪ್ಪುವ ಅಪಾಯ ಇರೋದು ಇಲ್ಲೇ. ಬಾಡಿಗೆಗೆ ಓಡಿಸುವ ಗಾಡಿಗೆ ವಾರಂಟಿ ಕಾರ್ಡಿನಲ್ಲಿ ಬೇರೆ ಷರತ್ತು ಇದೆಯಾ ಅಂತಲೂ ಓದ್ಕೊಳ್ಳಿ.

ಕಿರಣ್: ಅಣ್ಣಾ, ಮೈಲೇಜ್ ಒಂದೇ ನೋಡಿದ್ರೆ ಆಗಲ್ಲ. ಟ್ರಾಫಿಕ್ಕಲ್ಲಿ ದಿನವಿಡೀ ಕ್ಲಚ್ ಒತ್ತಿ ಎಡಗೈ ಬಿದ್ದೋಗುತ್ತೆ. ಮೇಲೆ ಕ್ಲಚ್ ಪ್ಲೇಟ್ ಹೋದ್ರೆ ಉಳಿಸಿದ ದುಡ್ಡೆಲ್ಲ ಅಲ್ಲೇ. ಸ್ಕೂಟರಿಗೆ ಆ ಗೋಳೇ ಇಲ್ಲ, ಬರೀ ಆಯಿಲ್ ಹಾಕು, ಓಡಿಸು.

ಶ್ರೀನಿವಾಸ: ಕಿರಣ್, ಕೈ ನೋವಿನ ಮಾತು ನಿಜ, ಒಪ್ಪಿದೆ. ಎರಡನೇದು ಅರ್ಧ ಸತ್ಯ. ಸ್ಕೂಟರಿನಲ್ಲಿ ಬೆಲ್ಟ್, ರೋಲರ್, ಕ್ಲಚ್ ಶೂ ಇರ್ತವೆ. ಬೆಲ್ಟನ್ನು 20ರಿಂದ 24 ಸಾವಿರ ಕಿ.ಮೀ.ಗೆ ಬದಲಿಸಬೇಕು, ಮಂಜು ಓಡಿಸುವ ಲೆಕ್ಕದಲ್ಲಿ ಏಳೆಂಟು ತಿಂಗಳಿಗೊಂದು ಸಲ. ಹೊರಡುವಾಗ ಗಾಡಿ ಗಡಗಡ ಅಂತ ನಡುಗಿದರೆ, ಫ್ಲೈಓವರ್ ಹತ್ತುವಾಗ ಸದ್ದು ಏರಿ ವೇಗ ಏರದಿದ್ದರೆ ಆ ಭಾಗ ಸವೆದಿದೆ ಅಂತ ಅರ್ಥ. ಬೆಲ್ಟ್ ತುಂಡಾದರೆ ಗಾಡಿ ಒಂದಡಿ ಮುಂದೆ ಹೋಗಲ್ಲ, ಆರ್ಡರ್ ಕೈಲಿ ಹಿಡ್ಕೊಂಡು ನಿಲ್ಲಬೇಕು. ಬೈಕಿನ ಚೈನ್ ಸಡಿಲಾದರೂ ಗ್ಯಾರೇಜಿನವರೆಗೆ ತಲುಪಿಸುತ್ತೆ.

ಬೈಕಿನ ಕ್ಲಚ್ ಪ್ಲೇಟ್ ಬೇಗ ಹೋಗೋದು ಬರೀ ಟ್ರಾಫಿಕ್ಕಿನಿಂದಲ್ಲ, ಎರಡು ಬೆರಳು ಸದಾ ಲಿವರ್ ಮೇಲೆ ಇಡುವ ಅಭ್ಯಾಸದಿಂದಲೂ. ಲಿವರ್ ತುದಿಯಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಸಡಿಲ ಇರಬೇಕು. ಅದಿಲ್ಲದಿದ್ದರೆ ಪ್ಲೇಟ್ ಅರ್ಧ ಜಾರುತ್ತಲೇ ಇರುತ್ತೆ, ಬಿಸಿಯಾಗಿ ಸುಡುತ್ತೆ. ಸಿಗ್ನಲಿನಲ್ಲಿ ನ್ಯೂಟ್ರಲ್ ಮಾಡಿ, ಕೈಗೂ ವಿಶ್ರಾಂತಿ ಸಿಗುತ್ತೆ.

ಇನ್ನು ಭಾರ. ಊಟದ ಬ್ಯಾಗು ಗಾಡಿಗೆ ಲೆಕ್ಕಕ್ಕೇ ಇಲ್ಲ. ಕಷ್ಟ ಕೊಡೋದು ಬೆಳಗಿನ ದಿನಸಿ: ಅಕ್ಕಿ, ಎಣ್ಣೆ, ನೀರಿನ ಬಾಟಲಿ ಸೇರಿ 20 ಕೆ.ಜಿ. ಆಗಿಬಿಡುತ್ತೆ. ಸವಾರ 70 ಕೆ.ಜಿ. ಇದ್ದರೂ ಒಟ್ಟು 90, ಹಿಂದೆ ಒಬ್ಬರನ್ನು ಕೂರಿಸುವ ಗಾಡಿಗೆ ಇದು ಭಾರವೇ ಅಲ್ಲ. ಅದನ್ನು ಎಲ್ಲಿಡ್ತೀವಿ ಅನ್ನೋದರಲ್ಲಿ ತೊಂದರೆ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಚಾಚಿದ ಕ್ಯಾರಿಯರ್ ಮೇಲೆ 20 ಕೆ.ಜಿ. ಇಟ್ಟರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೂಗಾಡುತ್ತೆ. ಗುಂಡಿ ಹಾರಿದಾಗೆಲ್ಲ ಆ ಭಾರ ಕ್ಯಾರಿಯರನ್ನು ಕೆಳಕ್ಕೆ ಜಗ್ಗುತ್ತೆ, ವೆಲ್ಡಿಂಗ್ ಬಳಿ ಬಣ್ಣ ಬಿರಿದು ಸಣ್ಣ ತುಕ್ಕಿನ ಗೆರೆ ಕಾಣುತ್ತೆ. ಅದು ಮುರಿಯುವ ಮುನ್ಸೂಚನೆ. ಭಾರದ್ದೆಲ್ಲ ಪಿಲಿಯನ್ ಸೀಟಿನ ಮೇಲೇ ಬರುವ ಹಾಗೆ ಕಟ್ಟಿ. ಜೆ.ಸಿ. ರಸ್ತೆಯಲ್ಲಿ ಕ್ಯಾರಿಯರ್ ಮಾಡಿಸಿದರೆ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೂ ಒಂದು ಆಧಾರ ಕೊಡಲು ಹೇಳಿ. ಬರೀ ಹಿಂದಿನ ಗ್ರಿಪ್‌ಗೆ ಸಿಕ್ಕಿಸಿದರೆ ನಿಲ್ಲಲ್ಲ. ವಾರಕ್ಕೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಇಲ್ಲಿ ಸ್ಕೂಟರ್ ನಿಜಕ್ಕೂ ಮೇಲು. ಫುಟ್‌ಬೋರ್ಡಿನ ಮೇಲಿಟ್ಟ ಚೀಲ ಎರಡು ಚಕ್ರದ ಮಧ್ಯೆ, ಕೆಳಗೆ ಕೂರುತ್ತೆ. ಆದರೆ ಹಲವು ಸ್ಕೂಟರಿನ ಹಿಂದಿನ ಚಕ್ರ 10 ಇಂಚು, ಬೈಕಿನದು 17 ಅಥವಾ 18. ನಮ್ಮ ಗುಂಡಿಗಳಿಗೆ ದೊಡ್ಡ ಚಕ್ರವೇ ಗತಿ. ಭಾರ ಹೊರುವ ದಿನ ಹಿಂದಿನ ಟೈರಿಗೆ ಇಬ್ಬರು ಕೂತಾಗ ಅಂತ ಗಾಡಿಯ ಸ್ಟಿಕ್ಕರಿನಲ್ಲಿ ಬರೆದಿರುವಷ್ಟು ಗಾಳಿ ಹಿಡಿಸಿ. ಒಬ್ಬರೇ ಕೂತಾಗಿನ ಗಾಳಿಯಲ್ಲಿ ಭಾರ ಹೊತ್ತರೆ ಟೈರಿನ ಅಂಚು ಸವೆಯುತ್ತೆ, ಮೈಲೇಜೂ ಬೀಳುತ್ತೆ.

ದಿನಸಿ ಮಾತ್ರ ಮಾಡಿ, ಅದೂ ಅಂಗಡಿಯಿಂದ ಎರಡು ಮೂರು ಕಿ.ಮೀ. ಒಳಗೇ ಆಗಿದ್ದರೆ ಎಕ್ಸ್‌ಎಲ್ 100 ತಗೊಳ್ಳಿ ಅಂತಿದ್ದೆ. ಮುಂದೆ ಚೀಲ, ಹಿಂದೆ ಕ್ರೇಟು, ಬೆಲೆಯೂ ಕಡಿಮೆ. ಆದರೆ ಟ್ಯಾಂಕ್ 4 ಲೀಟರ್, ಓಟವೂ ನಿಧಾನ. ಸಂಜೆ ಊಟ ಹೊತ್ತು ದಾಸರಹಳ್ಳಿಯಿಂದ ಮಲ್ಲೇಶ್ವರಕ್ಕೆ ಓಡೋಕೆ ಅದು ಸರಿಬರಲ್ಲ.

ರೇಖಾ: ನಂದು ಔಷಧಿ ಡೆಲಿವರಿ, ದಿನಕ್ಕೆ 40 ಕಿ.ಮೀ. ಅಷ್ಟೇ. ಗೇರ್ ಗಾಡಿ ಬರಲ್ಲ. ನಾನೂ ಬೈಕೇ ಕಲೀಬೇಕಾ ಸರ್?

ಶ್ರೀನಿವಾಸ: ಬೇಡ ಮೇಡಂ. 40ಕ್ಕೆ ಪೆಟ್ರೋಲಿನ ವ್ಯತ್ಯಾಸ ತಿಂಗಳಿಗೆ 630 ರೂಪಾಯಿ ಅಷ್ಟೇ. ಸ್ಕೂಟರೇ ಸರಿ, ಬೆಲ್ಟ್ ಕೂಡ ಸುಮಾರು ಎರಡು ವರ್ಷ ಬರುತ್ತೆ. ಈ ಲೆಕ್ಕವೆಲ್ಲ ದಿನಕ್ಕೆ 80 ದಾಟುವವರಿಗೆ.

ನದೀಮ್: ಪೆಟ್ರೋಲೇ ಯಾಕ್ ಗುರು? ಎಲೆಕ್ಟ್ರಿಕ್ ತಗೊಂಡ್ರೆ ಖರ್ಚೇ ಇಲ್ಲ!

ಶ್ರೀನಿವಾಸ: ಖರ್ಚು ಇದೆ, ಕಡಿಮೆ. 100 ಕಿ.ಮೀ.ಗೆ ಮೂರು ಯೂನಿಟ್ ಆಸುಪಾಸು, ಮನೆ ಮೀಟರಿನಲ್ಲಿ ತಿಂಗಳಿಗೆ 600–700 ರೂಪಾಯಿ. ಬೈಕಿಗೆ ಹೋಲಿಸಿದರೆ ಉಳಿತಾಯ ದೊಡ್ಡದೇ. ಆದರೆ ಮಂಜುಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇದೆಯಾ? ಬಾಡಿಗೆ ಮನೆ ಓನರ್ ಒಪ್ತಾರಾ? ಒಂದೇ ಚಾರ್ಜಿನಲ್ಲಿ ಭಾರ ಹೊತ್ತು 110 ಓಡಲೇಬೇಕಾದರೆ ದೊಡ್ಡ ಬ್ಯಾಟರಿ ಬೇಕು, ಸಾಲ ಏರುತ್ತೆ. ಬ್ಯಾಟರಿ ವಾರಂಟಿಗೂ ಕಿಲೋಮೀಟರ್ ಮಿತಿ ಇದೆ. 50 ಸಾವಿರ ಅಂತಿದ್ದರೆ 17 ತಿಂಗಳಿಗೆ ಮುಗೀತು.

ನದೀಮ್: ಮಧ್ಯಾಹ್ನ ಎರಡು ಗಂಟೆ ಆರ್ಡರ್ ಇರಲ್ವಲ್ಲ, ಆಗ ಚಾರ್ಜ್ ಹಾಕಿದ್ರೆ ಸಣ್ಣ ಬ್ಯಾಟರಿನೇ ಸಾಕು. 80 ಸಾವಿರ ಕಿ.ಮೀ. ವಾರಂಟಿ ಕೊಡೋರೂ ಇದಾರೆ.

ಶ್ರೀನಿವಾಸ: ಆ ಎರಡೂ ಮಂಜುಗೆ ಸಿಗೋ ಹಾಗಿದ್ದರೆ ನನ್ನ ಲೆಕ್ಕ ತಿರುಗಿಬೀಳುತ್ತೆ, ಒಪ್ತೀನಿ. ಒಂದು ತಿಂಗಳು ಬಾಡಿಗೆ ಎಲೆಕ್ಟ್ರಿಕ್ ಓಡಿಸಿ ನೋಡಿದರೆ ಗೊತ್ತಾಗುತ್ತೆ.

ಮಂಜು, ದಾಸರಹಳ್ಳಿ: ಮನೆ ಮೂರನೇ ಮಹಡಿ, ಕೆಳಗೆ ಪ್ಲಗ್ ಇಲ್ಲ ಅಣ್ಣ. ಬೈಕೇ ಆಗ್ಲಿ. 3,813 ಕಂತು ಕಟ್ಟಬಹುದು. ಇನ್ಶೂರೆನ್ಸ್ ಶೋರೂಮ್‌ನವರೇ ಮಾಡಿಸ್ತಾರಂತೆ, ಅದರಲ್ಲಿ ಏನಾದ್ರೂ ನೋಡಬೇಕಾ?

ಶ್ರೀನಿವಾಸ: ನೋಡಲೇಬೇಕು. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ಹೇಗೂ ಕಡ್ಡಾಯ. ನಿಮ್ಮದೇ ಗಾಡಿಗೆ ಆಗುವ ಹಾನಿಯ ಭಾಗ ಓದಿ. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸೋದು, ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸೋದು ಹೊರಗಿಟ್ಟಿರ್ತಾರೆ. ಡೆಲಿವರಿ ಬ್ಯಾಗ್ ಇರುವಾಗ ಬಿದ್ದರೆ ಕ್ಲೇಮ್ ತಿರಸ್ಕರಿಸೋಕೆ ಆ ಸಾಲೇ ಸಾಕು. ಡೆಲಿವರಿಗೆ ಓಡಿಸ್ತೀನಿ ಅಂತ ಹೇಳಿ, ಕವರ್ ಇದೆಯಾ ಅಂತ ಇಮೇಲಿನಲ್ಲಿ ಕೇಳಿ. ಬಾಯಿಮಾತಿನ 'ಏನೂ ಆಗಲ್ಲ ಬಿಡಿ' ನಂಬಬೇಡಿ. ಕಂಪನಿ ಆಪಿನಲ್ಲಿರುವ ಅಪಘಾತ ವಿಮೆ ಸವಾರನಿಗಾ, ಗಾಡಿಗಾ ಅಂತಲೂ ನೋಡ್ಕೊಳ್ಳಿ.

ಕಿರಣ್: ಅದೇನೋ ಅಣ್ಣಾ, ನಮ್ಮ ಏರಿಯಾದಲ್ಲಿ ಒಬ್ಬರಿಗೆ ಕ್ಲೇಮ್ ಪಾಸಾಗಿದೆ.

ಶ್ರೀನಿವಾಸ: ಆಗಿರಬಹುದು. ಸರ್ವೇಯರ್ ಕೇಳದಿದ್ದರೆ ಆಗುತ್ತೆ, ಕೇಳಿದರೆ ಆಗಲ್ಲ. ಮಂಜು, ಗಾಡಿ ಬಂದಮೇಲೆ ಆಯಿಲ್ 3,000ಕ್ಕೊಮ್ಮೆ ಬದಲಿಸಿ, ನಿಮಗೆ ಅದು ತಿಂಗಳಿಗೊಂದು ಸಲ. ಚೈನಿಗೆ 500ಕ್ಕೊಮ್ಮೆ ಲ್ಯೂಬ್ ಹಾಕಿ, ಮಳೆಯಲ್ಲಿ ಓಡಿಸಿದ ರಾತ್ರಿ ತಪ್ಪದೆ. ಕೊನೆ ಕಂತು ಕಟ್ಟಿದ ದಿನವೇ ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು ಫಾರಂ 35 ಇಸ್ಕೊಂಡು ಆರ್‌ಸಿಯಿಂದ ಸಾಲದ ಹೆಸರು ತೆಗೆಸಿ, ಇಲ್ಲದಿದ್ದರೆ ಮಾರುವಾಗ ಒದ್ದಾಡ್ತೀರಿ.