ದಾಸವಾಳದ ಕಡ್ಡಿಯ ಮೇಲಿನ ಪಟ್ಟಿಗಳು

“ಫೋಕಸ್ ಸ್ಟ್ಯಾಕಿಂಗ್ ಬಗ್ಗೆ, ಅಂದರೆ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತ ತೆಗೆದ ಹಲವು ಫೋಟೋಗಳ ಚೂಪು ಭಾಗಗಳನ್ನು ಜೋಡಿಸಿ ಒಂದೇ ಚಿತ್ರ ಮಾಡುವ ಬಗ್ಗೆ, ಒಂದು ಲೇಖನ, ಜೊತೆಗೆ ನಾನೇ ತೆಗೆದ ದಾಸವಾಳದ ಫೋಟೋ ಕಳಿಸಿದ್ದೇನೆ. ಮಾಮೂಲಿ ಕ್ಯಾಮೆರಾ ಇರುವವರೂ ಇದನ್ನು ಮಾಡಬಹುದು ಎಂದು ಹೇಳುವುದೇ ನನ್ನ ಉದ್ದೇಶ. ಪ್ರಕಟಿಸಬಹುದೇ? ತಪ್ಪಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.”

ನಮಸ್ಕಾರ.

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಾರಣ ನಿಮ್ಮ ಭಾಷೆಯಲ್ಲ, ಭಾಷೆ ಚೆನ್ನಾಗಿದೆ. ನೀವು ಕಳಿಸಿದ ಫೋಟೋನೇ ನಿಮ್ಮ ಲೇಖನಕ್ಕೆ ವಿರುದ್ಧ ಸಾಕ್ಷಿ ಹೇಳುತ್ತಿದೆ. “ತುದಿಯಿಂದ ಬುಡದವರೆಗೂ ಎಲ್ಲವೂ ಸ್ಪಷ್ಟ” ಎಂದು ಅಡಿಬರಹ ಕೊಟ್ಟಿದ್ದೀರಿ. ಅದನ್ನು ಪರದೆಯಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ, ಹೂವಿನ ಮಧ್ಯದಿಂದ ಮುಂದಕ್ಕೆ ಚಾಚಿದ ಆ ಉದ್ದ ಕಡ್ಡಿಯನ್ನು ಒಮ್ಮೆ ನೋಡಿ. ಹಳದಿ ಪರಾಗದ ತಲೆಗಳು ಒಂದಿಷ್ಟು ಚೂಪಾಗಿವೆ, ಆಮೇಲೆ ಒಂದಿಷ್ಟು ಮಸುಕು, ಮತ್ತೆ ಚೂಪು, ಮತ್ತೆ ಮಸುಕು. ಹುಲಿಯ ಮೈಮೇಲಿನ ಪಟ್ಟೆ ಇದ್ದ ಹಾಗೆ. ಕಡ್ಡಿಯ ತುದಿಯ ಐದು ಕೆಂಪು ಗುಂಡುಗಳ ಸುತ್ತ, ಹಿಂದಿನ ದಳದ ಮೇಲೆ, ಒಂದು ಮಂಜಿನ ಅಂಚು ಕೂತಿದೆ. ಇವು ಎರಡು ಬೇರೆ ಬೇರೆ ತಪ್ಪುಗಳು, ಕಾರಣವೂ ಬೇರೆ ಬೇರೆ. ನಿಮ್ಮ ಲೇಖನದಲ್ಲಿ ಎರಡರ ಸುದ್ದಿಯೂ ಇಲ್ಲ. ನನ್ನ ಪ್ರಕಾರ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

ಮೊದಲು ಪಟ್ಟಿಯ ವಿಷಯ. “ಹತ್ತರಿಂದ ಹದಿನೈದು ಫೋಟೋ ತೆಗೆದರೆ ಸಾಕು” ಎಂದು ಬರೆದಿದ್ದೀರಿ. ಈ ಸಂಖ್ಯೆ ಎಲ್ಲಿಂದ ಬಂತು? ಎಷ್ಟು ಫೋಟೋ ಬೇಕು ಎನ್ನುವುದನ್ನು ನಾವು ತೀರ್ಮಾನಿಸುವುದಲ್ಲ. ಹೂವಿನ ಆಳ ಎಷ್ಟು, ಒಂದು ಫೋಟೋದಲ್ಲಿ ಎಷ್ಟು ಆಳ ಚೂಪಾಗಿ ಬರುತ್ತದೆ, ಈ ಎರಡು ಸೇರಿ ಅದನ್ನು ತೀರ್ಮಾನಿಸುತ್ತವೆ. ನಿಮ್ಮ ಫೈಲಿನ ಮಾಹಿತಿ ತೆರೆದು ನೋಡಿದೆ: 50 ಎಂಎಂ ಲೆನ್ಸ್, ಅದರ ರಂಧ್ರದ ಅಳತೆ f/4, ಒಟ್ಟು 12 ಫೋಟೋ. ಚೌಕಟ್ಟಿನ ಅಗಲಕ್ಕೆ ಸುಮಾರು 11 ಸೆಂಟಿಮೀಟರ್ ಹೂವು ತುಂಬಿದೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿಮೀ ಅಗಲ. ಅಂದರೆ ಹೂವು ಸೆನ್ಸರ್ ಮೇಲೆ ತನ್ನ ಐದನೇ ಒಂದು ಭಾಗದ ಗಾತ್ರದಲ್ಲಿ ಬಿದ್ದಿದೆ. ಈ ಅಳತೆಯಲ್ಲಿ f/4 ಇಟ್ಟರೆ ಚೂಪಾಗಿ ಬರುವ ಆಳ ಐದು ಮಿಮೀಗಿಂತ ಒಂಚೂರು ಕಡಿಮೆ. ಹೂವನ್ನು ಎದುರಿನಿಂದ ನೋಡಿದಾಗ ಕಡ್ಡಿಯ ತುದಿಯಿಂದ ದಳದ ಹಿಂಬದಿಯವರೆಗೆ ಹತ್ತಿರ ಹತ್ತಿರ 70 ಮಿಮೀ. ಅದನ್ನು 12 ಫೋಟೋದಲ್ಲಿ ಹಂಚಿದರೆ ಒಂದೊಂದು ಹೆಜ್ಜೆ ಆರು ಮಿಮೀ ಆಯಿತು. ಐದಡಿ ಹಲಗೆಗಳನ್ನು ಆರಡಿಗೊಂದರಂತೆ ಜೋಡಿಸಿ ಸೇತುವೆ ಕಟ್ಟಿದ ಹಾಗೆ. ನಡುವೆ ಉಳಿದ ಸಂದುಗಳೇ ಆ ಮಸುಕು ಪಟ್ಟಿಗಳು. ಯಾವ ಫೋಟೋದಲ್ಲೂ ಚೂಪಾಗಿ ಸಿಗದ ಜಾಗವನ್ನು ತಂತ್ರಾಂಶ ಎಲ್ಲಿಂದ ತರಬೇಕು?

ನಿಮ್ಮ ಓದುಗರಿಗೆ ಸೂತ್ರ ಬೇಡ, ಸ್ಕೇಲು ಸಾಕು. ಹೂವು ಇರುವ ಜಾಗದಲ್ಲಿ ಶಾಲೆಯ ಸ್ಕೇಲನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಹೂವಿಗೆ ಎಷ್ಟು ದೂರದಲ್ಲಿ ಕ್ಯಾಮೆರಾ ಇಡುತ್ತೀರೋ ಅಷ್ಟೇ ದೂರದಿಂದ ಒಂದು ಫೋಟೋ ತೆಗೆಯಿರಿ. ಎಷ್ಟು ಮಿಮೀ ಗೀಟುಗಳು ಚೂಪಾಗಿವೆ ಎಂದು ಎಣಿಸಿ. ಓರೆಯಾಗಿ ಇಟ್ಟಿದ್ದರಿಂದ ಅದನ್ನು 0.7ರಿಂದ ಗುಣಿಸಿದರೆ ನಿಜವಾದ ಆಳ ಸಿಗುತ್ತದೆ. ನಾನು ಮನೆಯಲ್ಲಿ f/8 ಇಟ್ಟು ಮಾಡಿ ನೋಡಿದೆ. 13 ಗೀಟು ಚೆನ್ನಾಗಿ ಕಂಡವು, ಅಂದರೆ ಸುಮಾರು 9 ಮಿಮೀ. ಒಂದು ಫೋಟೋ ಇನ್ನೊಂದರ ಮೇಲೆ ಮೂರನೇ ಒಂದು ಪಾಲು ಹತ್ತಿ ಕೂರಲಿ ಎಂದು ಹೆಜ್ಜೆಯನ್ನು 6 ಮಿಮೀ ಇಟ್ಟುಕೊಂಡೆ. 70 ಮಿಮೀಗೆ 12 ಫೋಟೋ, ತುದಿಗಿಂತ ಮುಂಚೆ ಒಂದು, ಕೊನೆಯಾದ ಮೇಲೆ ಒಂದು, ಒಟ್ಟು 14. ನೋಡಿ, ನಿಮ್ಮ “ಹತ್ತರಿಂದ ಹದಿನೈದು” ಇಲ್ಲಿ ಸರಿಹೋಯಿತು. ಆದರೆ ಅದೇ ಓದುಗ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿಕೊಂಡು ಪರಾಗದ ಭಾಗವನ್ನಷ್ಟೇ ಸೆನ್ಸರ್ ಮೇಲೆ ಅರ್ಧ ಗಾತ್ರದಲ್ಲಿ ಬೀಳುವಂತೆ ತೆಗೆಯಲು ಹೋದರೆ, f/8ರಲ್ಲೂ ಸಿಗುವ ಆಳ ಎರಡು ಮಿಮೀ ಮಾತ್ರ. ಎರಡೂವರೆ ಸೆಂಟಿಮೀಟರ್ ಕಡ್ಡಿಗೆ ಇಪ್ಪತ್ತು ಫೋಟೋ ಬೇಕು. ನಿಮ್ಮ ಮಾತು ನಂಬಿದವರು ಕೈಸುಟ್ಟುಕೊಳ್ಳುತ್ತಾರೆ.

ಹಾಗಾದರೆ f/22 ಇಟ್ಟು ಫೋಟೋ ಕಡಿಮೆ ಮಾಡಬಹುದಲ್ವಾ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅಷ್ಟು ಚಿಕ್ಕ ರಂಧ್ರದಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹತ್ತಿರದ ಚಿತ್ರಗಳಲ್ಲಿ ಅದು ಇನ್ನೂ ಜಾಸ್ತಿ. ಆ ಮೆತ್ತಗನ್ನು ತಪ್ಪಿಸಲೆಂದೇ ತಾನೇ ಇಷ್ಟೆಲ್ಲ ಕಷ್ಟ. f/5.6ರಿಂದ f/8 ಸಾಕು.

ಫೋಟೋ ತೆಗೆಯುವ ಭಾಗವನ್ನು ನೀವು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ, ಮುನ್ನುಡಿಗೆ ಎರಡು ಪುಟ ಕೊಟ್ಟಿದ್ದೀರಿ. ಇದು ಉಲ್ಟಾ ಆಗಬೇಕು. ಕ್ಯಾಮೆರಾ ಟ್ರೈಪಾಡ್ ಮೇಲೆ, ಎಲ್ಲವೂ ಮ್ಯಾನುಯಲ್: ಐಎಸ್‌ಒ 100, ಅಪರ್ಚರ್, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್. ನಿಮ್ಮ 12 ಫೋಟೋಗಳಲ್ಲಿ ಐಎಸ್‌ಒ 200ರಿಂದ 800ರವರೆಗೆ ಕುಣಿದಿದೆ, ಏಕೆಂದರೆ ಅದನ್ನು ಆಟೋದಲ್ಲಿ ಬಿಟ್ಟಿದ್ದೀರಿ. ಟ್ಯೂಬ್‌ಲೈಟ್ ಕೆಳಗೆ 1/60 ಶಟರ್ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಹಾಗಾಗಿ ಒಂದೊಂದು ಫೋಟೋ ಒಂದೊಂದು ಬೆಳಕಿನಲ್ಲಿ ಬಂದಿದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಕಾಲು ಸೆಕೆಂಡಿನ ಶಟರ್ ಇಟ್ಟರೆ ಈ ರಗಳೆಯೇ ಇಲ್ಲ. ಎರಡು ಸೆಕೆಂಡಿನ ಟೈಮರ್ ಹಾಕಿ, ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಫ್ಯಾನೂ ಆಫ್. ನನ್ನ ಮೊದಲ ಸುತ್ತು ಹಾಳಾದದ್ದು ಪಕ್ಕದ ಕೋಣೆಯ ಫ್ಯಾನಿನಿಂದ!

ಫೋಕಸ್ ಉಂಗುರ ತಿರುಗಿಸುವುದು ಹೇಗೆ ಎನ್ನುವುದೇ ಹೊಸಬರ ನಿಜವಾದ ತೊಂದರೆ. ಆರು ಮಿಮೀ ಎಂದರೆ ಕೈಗೆ ಗೊತ್ತಾಗುವುದಿಲ್ಲ. ನಾನು ಉಂಗುರದ ಸುತ್ತ ಗೀಟು ಹಾಕಿದ ಕಾಗದದ ಪಟ್ಟಿ ಅಂಟಿಸಿದೆ. ಲೈವ್ ವ್ಯೂನಲ್ಲಿ ಚಿತ್ರ ಹಿಗ್ಗಿಸಿಕೊಂಡು ಅದೇ ಓರೆ ಸ್ಕೇಲಿನ ಮೇಲೆ ಚೂಪು ಜಾಗ ಎಂಟೂವರೆ ಮಿಮೀ, ಅಂದರೆ ಆಳದಲ್ಲಿ ಆರು ಮಿಮೀ, ಸರಿಯಲು ಎಷ್ಟು ಗೀಟು ಬೇಕು ಎಂದು ನೋಡಿದೆ. ನನ್ನ ಲೆನ್ಸಿಗೆ ಒಂದೂವರೆ ಗೀಟು ಬಂತು. ಆಮೇಲೆ ಹೂವು ಇಟ್ಟು, ತುದಿಗಿಂತ ಸ್ವಲ್ಪ ಮುಂಚಿನಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ಹೋದೆ. ಹಿಂದಕ್ಕೆ ತಿರುಗಿಸಿದರೆ ಉಂಗುರದ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಅಂಚಿನಲ್ಲಿ ಜಾಗ ಬಿಡಲು ಹೇಳುವುದನ್ನು ಮರೆಯಬೇಡಿ. ಫೋಕಸ್ ಬದಲಾದಂತೆ ಚಿತ್ರದ ಗಾತ್ರವೂ ತುಸು ಬದಲಾಗುತ್ತದೆ. ಜೋಡಿಸಿದ ಮೇಲೆ ಅಂಚು ಎಳೆದಂತೆ ಕಾಣುವುದರಿಂದ ಕತ್ತರಿಸಲೇಬೇಕು. ಸೆನ್ಸರ್ ಮೇಲೆ ಧೂಳಿದ್ದರೆ ಇದೇ ಕಾರಣಕ್ಕೆ ಒಂದು ಚುಕ್ಕೆ ಸಾಲು ಚುಕ್ಕೆಯಾಗಿ, ನಡುವಿನಿಂದ ಹೊರಗೆ ಓಡಿದ ಹಾಗೆ ಬರುತ್ತದೆ.

ಜೋಡಿಸಲು ನೀವು ಹೇಳಿದ ಉಚಿತ ಸಾಧನಗಳೇ ಸಾಕು: ಫೋಟೋಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಲು align_image_stack, ಬೆರೆಸಿ ಒಂದು ಮಾಡಲು enfuse. ಆದರೆ ನೀವು ಕೊಟ್ಟ ಆಜ್ಞೆಯಲ್ಲಿ ಎರಡು ಸೊನ್ನೆ ಬಿಟ್ಟುಹೋಗಿವೆ. enfuse ಮಾಮೂಲಿಯಾಗಿ ಸರಿಯಾದ ಬೆಳಕಿರುವ ಜಾಗ ಹುಡುಕುತ್ತದೆ, ಚೂಪಾದ ಜಾಗವನ್ನಲ್ಲ. ಹಾಗೇ ಬಿಟ್ಟರೆ ಎಲ್ಲ ಫೋಟೋಗಳನ್ನೂ ಬೆರೆಸಿ ಮಂಜು ಮಂಜಾದ ಚಿತ್ರ ಕೊಡುತ್ತದೆ. ಹೀಗಿರಲಿ:

```
align_image_stack -m -a hoo_ IMG_*.JPG
enfuse --exposure-weight=0 --saturation-weight=0 --contrast-weight=1 --hard-mask -o dasavala.tif hoo_*.tif
```

ಮೊದಲ ಸಾಲಿನ -m ಗಾತ್ರದ ವ್ಯತ್ಯಾಸ ಸರಿಮಾಡುತ್ತದೆ. ಎರಡನೆಯದು ಪ್ರತಿ ಜಾಗಕ್ಕೂ ಯಾವ ಫೋಟೋದಲ್ಲಿ ಚೂಪು ಜಾಸ್ತಿ ಇದೆಯೋ ಅದನ್ನು ಆರಿಸುತ್ತದೆ.

ಇನ್ನು ಆ ಮಂಜಿನ ಅಂಚು. ಪಟ್ಟಿ ತಪ್ಪಿಸಲು ಫೋಟೋ ಹೆಚ್ಚು ಮಾಡಿದರೆ ಆಯಿತು. ಇದು ನೂರು ಫೋಟೋ ತೆಗೆದರೂ ಹೋಗುವುದಿಲ್ಲ, ಇದನ್ನು ಲೇಖನದಲ್ಲಿ ಬಿಡಿಸಿ ಹೇಳಲೇಬೇಕು. ದಳಕ್ಕೆ ಫೋಕಸ್ ಇಟ್ಟಾಗ ಮುಂದಿರುವ ಕೆಂಪು ಗುಂಡು ಮಸುಕಾಗಿ ಹರಡಿಕೊಂಡು, ತನ್ನ ಸುತ್ತಲಿನ ದಳದ ಮೇಲೆ ತೆಳು ಪರದೆ ಎಳೆಯುತ್ತದೆ. ಗುಂಡಿಗೆ ಫೋಕಸ್ ಇಟ್ಟಾಗ ಅಲ್ಲಿನ ದಳವೇ ಮಸುಕು. ಒಟ್ಟಿನಲ್ಲಿ ಗುಂಡಿನ ಪಕ್ಕದ ದಳ ಯಾವ ಫೋಟೋದಲ್ಲೂ ಶುಭ್ರವಾಗಿ ಬಂದೇ ಇಲ್ಲ. ಗುಂಡು ದಳಕ್ಕಿಂತ ಆರು ಸೆಂಟಿಮೀಟರ್ ಮುಂದಿದೆ ಎಂದಿಟ್ಟುಕೊಂಡರೆ, ನಿಮ್ಮ f/4ರಲ್ಲಿ ಈ ಪರದೆ ಸುತ್ತಲೂ ಸುಮಾರು ಒಂದೂವರೆ ಮಿಮೀ ಹರಡುತ್ತದೆ. ಎರಡು ಮಿಮೀ ಗುಂಡಿಗೆ ಒಂದೂವರೆ ಮಿಮೀ ಮಂಜು! f/8ರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಉಳಿದದ್ದನ್ನು ಚಿತ್ರ ತಿದ್ದುವ GIMP ತಂತ್ರಾಂಶದಲ್ಲಿ ತಿದ್ದಬಹುದು. ಪರದೆ ಇನ್ನೂ ಹರಡದ, ದಳ ತುಸು ಮಸುಕಾಗಿರುವ ನಡುವಿನ ಒಂದು ಫೋಟೋವನ್ನು ಕೆಳಗಿನ ಪದರದಲ್ಲಿಟ್ಟು, ಮಾಸ್ಕ್ ಮೂಲಕ ಮೆತ್ತಗಿನ ಬ್ರಷ್‌ನಲ್ಲಿ ಆ ಅಂಚನ್ನಷ್ಟೇ ತೋರಿಸಿ. ಮಂಜು ಹೋಗಿ ಮೆತ್ತಗಿನ ದಳ ಬರುತ್ತದೆ. ನೋಡುವವರ ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ನನಗೆ ಹಿಡಿಸಿದ ದಾರಿ ಬೇರೆ: ಹೂವನ್ನು ಪಕ್ಕಕ್ಕೆ ತಿರುಗಿಸುವುದು. ಆಗ ಕಡ್ಡಿ ಕ್ಯಾಮೆರಾಗೆ ಅಡ್ಡಲಾಗಿ ಮಲಗುತ್ತದೆ, ಅದರ ಹಿಂದೆ ದಳ ಇರುವುದಿಲ್ಲ, ದೂರದಲ್ಲಿ ತೂಗುಹಾಕಿದ ಕಪ್ಪು ಬಟ್ಟೆ ಇರುತ್ತದೆ. ಮಸುಕು ಬಟ್ಟೆಯ ಮೇಲೆ ಮಸುಕು ಬಿದ್ದರೆ ಯಾರಿಗೂ ಕಾಣದು. ಮುಂದಿನ ದಳ ಕಡ್ಡಿಯ ಬುಡವನ್ನು ದಾಟುವ ಕಡೆ ಮಾತ್ರ ಒಂಚೂರು ಉಳಿಯುತ್ತದೆ. ಹತ್ತಿರದ ದಳದಿಂದ ಕಡ್ಡಿಯವರೆಗೆ ಜೋಡಿಸಿ ಅಲ್ಲಿಗೇ ನಿಲ್ಲಿಸಿದೆ. ಹಿಂದಿನ ದಳ ಮಸುಕಾಗಿಯೇ ಇದೆ, ಹೂವು ಹೂವಿನ ಹಾಗೇ ಕಾಣುತ್ತದೆ.

ಕೊನೆಯಲ್ಲಿ “ಇದೇ ರೀತಿ ಜುಮಕಿಯನ್ನೂ ತೆಗೆಯಬಹುದು” ಎಂಬ ಒಂದು ಸಾಲಿದೆ. ಅದನ್ನು ತೆಗೆದುಬಿಡಿ, ಇಲ್ಲವೇ ಬೇರೆ ಲೇಖನ ಬರೆಯಿರಿ. ಜುಮಕಿ ಬಾಡುವುದಿಲ್ಲ, ಗಾಳಿಗೂ ಅಷ್ಟು ಅಲುಗುವುದಿಲ್ಲ, ಆದರೆ ಹೊಳೆಯುತ್ತದೆ. ಫೋಕಸ್ ತಪ್ಪಿದ ಹೊಳಪು ದುಂಡು ಬಿಲ್ಲೆಯಾಗಿ ಹರಡುತ್ತದೆ. ಆ ಬಿಲ್ಲೆಯ ಅಂಚನ್ನೇ ತಂತ್ರಾಂಶ ಚೂಪು ಎಂದು ಆರಿಸಿ, ಒಂದೊಂದು ಮಣಿಯ ಸುತ್ತ ಉಂಗುರದ ಮೇಲೆ ಉಂಗುರ ಬಿಡಿಸುತ್ತದೆ. ಬೆಳಕಿಗೂ ಒಡವೆಗೂ ನಡುವೆ ಟ್ರೇಸಿಂಗ್ ಕಾಗದ ಹಿಡಿಯದೆ ಅದು ಬಗೆಹರಿಯುವುದಿಲ್ಲ.

ಪ್ರಕೃತಿಯ ಸೌಂದರ್ಯದ ಎರಡು ಪುಟ ಬಿಟ್ಟು ಮತ್ತೆ ಬರೆದು ಕಳಿಸಿ. ಜೊತೆಗೆ ನಾಲ್ಕು ಚಿತ್ರ ಬೇಕು: ಮೊದಲ ಫೋಟೋ, ಕೊನೆಯ ಫೋಟೋ, ಈಗ ಕಳಿಸಿರುವ ಪಟ್ಟಿ ಪಟ್ಟಿಯ ಚಿತ್ರ, ಹೊಸದಾಗಿ ಜೋಡಿಸಿದ್ದು. ದಾಸವಾಳ ಒಂದೇ ದಿನದ ಹೂವು, ಬೆಳಿಗ್ಗೆ ಅರಳಿದ ಮೇಲೆ ಬೇಗ ಮುಗಿಸಿಕೊಳ್ಳಿ. ಇನ್ನೊಂದು ಮಾತು. ಈಗಿನ ಚಿತ್ರದ ಎಡಗಡೆ ದಳದ ಮೇಲೆ ಒಂದೇ ಸಾಲಿನಲ್ಲಿ ಮೂರು ಇರುವೆ ಇವೆ, ನೀವು ಗಮನಿಸಿಲ್ಲ ಅನಿಸುತ್ತದೆ. ಅವು ಮೂರಲ್ಲ, ನೀವು ಉಂಗುರ ತಿರುಗಿಸುತ್ತಿದ್ದಾಗ ನಡೆದುಹೋದ ಒಂದೇ ಇರುವೆ. ಅದನ್ನು ಅಳಿಸಬೇಡಿ, ಹಾಗೇ ಹಾಕೋಣ.